ಷೇರಿನ ದುಡ್ಡಿಗೆ ಒಂಬತ್ತು ವರ್ಷ ಪುರುಸೊತ್ತು

2008ರ ಜನವರಿ 8ರಂದು ಸೆನ್ಸೆಕ್ಸ್ ಮುಕ್ತಾಯವಾದದ್ದು 20,873ರಲ್ಲಿ. 2009ರ ಮಾರ್ಚ್ 9ಕ್ಕೆ ಅದು 8,160. ಈ ಎರಡು ಅಂಕಿಗಳನ್ನು ನಿವೃತ್ತರೊಬ್ಬರ ಮನೆಖರ್ಚಿಗೆ ಹೊಂದಿಸಿ ನೋಡಿ. ತಿಂಗಳಿಗೆ 40,000 ರೂಪಾಯಿ ಬೇಕೆಂದರೆ ಮೊದಲ ದಿನ ಸೂಚ್ಯಂಕದ ಎರಡು ಪಾಲನ್ನೂ ಮಾರಬೇಕಿರಲಿಲ್ಲ, 1.92 ಸಾಕಿತ್ತು. ಹದಿನಾಲ್ಕು ತಿಂಗಳ ನಂತರ ಅದೇ ಅಕ್ಕಿ-ಬೇಳೆಗೆ 4.9 ಪಾಲು ಮಾರಬೇಕು. ಮಾರುಕಟ್ಟೆ ಆಮೇಲೆ ಎದ್ದರೂ ಮಾರಿಹೋದ ಪಾಲು ವಾಪಸ್ ಬರುವುದಿಲ್ಲ. ಬಿದ್ದಾಗ ಮಾರುವ ಈ ಪ್ರಮೇಯ ಬರದಂತೆ ನೋಡಿಕೊಳ್ಳುವುದೊಂದೇ ಬಕೆಟ್ ಪದ್ಧತಿಯ ಕೆಲಸ. ಹತ್ತಿರದ ವರ್ಷಗಳ ಖರ್ಚು ನಗದಿನಲ್ಲಿ, ನಡುವಿನ ವರ್ಷಗಳದ್ದು ನಿಶ್ಚಿತ ಬಡ್ಡಿಯ ಸಾಲಪತ್ರ-ಠೇವಣಿಗಳಲ್ಲಿ, ದೂರದ ವರ್ಷಗಳದ್ದು ಷೇರಿನಲ್ಲಿ. ಬಚ್ಚಲಮನೆಯ ಚೊಂಬು, ಹಂಡೆ, ಹಿತ್ತಲ ಬಾವಿ ಎಂದುಕೊಂಡರೂ ಆದೀತು.

ಹಾಗಾದರೆ ಚೊಂಬಿನಲ್ಲಿ ಎಷ್ಟು, ಹಂಡೆಯಲ್ಲಿ ಎಷ್ಟು? ಲೆಕ್ಕಕ್ಕೆ ಶಿವಮೊಗ್ಗದ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಖಾಸಗಿ ಕಾರ್ಖಾನೆಯಿಂದ ಅರವತ್ತಕ್ಕೆ ನಿವೃತ್ತರಾದವರು, ಜೊತೆಗೆ ಹೆಂಡತಿ. ಸ್ವಂತ ಮನೆ ಇದೆ. ತಿಂಗಳ ಖರ್ಚು 44,000, ಪಿಂಚಣಿ 4,000. ಉಳಿದ 40,000, ಅಂದರೆ ಮೊದಲ ವರ್ಷಕ್ಕೆ 4.80 ಲಕ್ಷ, ಉಳಿತಾಯದಿಂದಲೇ ಬರಬೇಕು. ಪಿ.ಎಫ್., ಗ್ರಾಚ್ಯುಟಿ ಎಲ್ಲ ಸೇರಿ ಕೈಯಲ್ಲಿರುವುದು 1.20 ಕೋಟಿ. ಬೆಲೆ ಏರಿಕೆ ವರ್ಷಕ್ಕೆ ಶೇ 6 ಎಂದಿಟ್ಟರೆ ಐದನೇ ವರ್ಷದ ಖರ್ಚು 6.06 ಲಕ್ಷ, ಹತ್ತನೆಯದು 8.11 ಲಕ್ಷ.

ಮೊದಲ ಎರಡು ವರ್ಷದ ಖರ್ಚು 9.89 ಲಕ್ಷ, ಮೊದಲ ಬಕೆಟ್ಟಿಗೆ 10 ಲಕ್ಷ. ಇದನ್ನು ಇಡಿಯಾಗಿ ಉಳಿತಾಯ ಖಾತೆಯಲ್ಲಿ ಬಿಡುವವರೇ ಹೆಚ್ಚು. ಅಲ್ಲಿ ಶೇ 2.5 ಬಡ್ಡಿ, ಒಂದು ವರ್ಷದ ಎಫ್.ಡಿ.ಯಲ್ಲಿ ಶೇ 6.5 ಎಂದುಕೊಂಡರೆ ವರ್ಷಕ್ಕೆ 40,000 ವ್ಯತ್ಯಾಸ, ಸರಿಯಾಗಿ ಒಂದು ತಿಂಗಳ ಖರ್ಚು. ಮೂರು ತಿಂಗಳ ದುಡ್ಡು ಖಾತೆಯಲ್ಲಿದ್ದರೆ ಸಾಕು.

ಎರಡನೇ ಬಕೆಟ್ಟಿಗೆ 40 ಲಕ್ಷ. ಅದರಲ್ಲಿ 30 ಲಕ್ಷ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ. ಒಬ್ಬರಿಗೆ ಅಷ್ಟೇ ಮಿತಿ. 2023ರ ಏಪ್ರಿಲ್‌ನಲ್ಲಿ ಬಂದ ಶೇ 8.2 ದರವನ್ನೇ ಹಿಡಿದರೆ ಮೂರು ತಿಂಗಳಿಗೊಮ್ಮೆ ಪಾಸ್‌ಬುಕ್ಕಿಗೆ ಬೀಳುವುದು 61,500, ವರ್ಷಕ್ಕೆ 2.46 ಲಕ್ಷ. ಇಟ್ಟ ದಿನದ ದರವೇ ಐದು ವರ್ಷಕ್ಕೂ ಖಾಯಂ. ಉಳಿದ 10 ಲಕ್ಷ ಮೂರು, ನಾಲ್ಕು, ಐದು ವರ್ಷದ ಎಫ್.ಡಿ.ಗಳಲ್ಲಿ. ಅದನ್ನೂ ಒಂದೇ ಬ್ಯಾಂಕಿನಲ್ಲಿ ಇಡುವುದು ಬೇಡ, ಠೇವಣಿ ವಿಮೆ ಬ್ಯಾಂಕಿಗೆ ಒಬ್ಬರಿಗೆ ಬಡ್ಡಿ ಸೇರಿ 5 ಲಕ್ಷ ಮಾತ್ರ. ಮಿಕ್ಕ 70 ಲಕ್ಷ ಮೂರನೇ ಬಕೆಟ್ಟಿಗೆ, ಸೂಚ್ಯಂಕ ನಿಧಿಗೆ.

ನಮ್ಮ ಎರಡನೇ ಬಕೆಟ್ ಸುಮ್ಮನೆ ಕೂರದೆ ಮೂರು ತಿಂಗಳಿಗೊಮ್ಮೆ ಮೊದಲ ಬಕೆಟ್ಟಿಗೆ ನೀರು ಹನಿಸುತ್ತದೆ. ಮೊದಲ ವರ್ಷದ 4.80 ಲಕ್ಷದಲ್ಲಿ 2.46 ಬಡ್ಡಿಯಿಂದಲೇ ಬಂತು, 10 ಲಕ್ಷದಿಂದ ತೆಗೆಯಬೇಕಾದದ್ದು 2.34 ಮಾತ್ರ. ಹೀಗೆ ಎರಡು ವರ್ಷಕ್ಕೆಂದು ಇಟ್ಟದ್ದು ಮೂರೂವರೆ ವರ್ಷ ದಾಟುತ್ತದೆ. ನಗದು, ಎಫ್.ಡಿ. ಸೇರಿದ 20 ಲಕ್ಷದಲ್ಲಿ ಐದು ವರ್ಷಕ್ಕೆ ಒಟ್ಟು 14.76 ಲಕ್ಷ ಖರ್ಚಾಗಿ, ಮಿಕ್ಕ 5.24 ಲಕ್ಷದ ಜೊತೆ ಯೋಜನೆಯ 30 ಲಕ್ಷ ಕೈಗೆ ಬರುತ್ತದೆ. ಉಳಿದ ಬಡ್ಡಿಯನ್ನೆಲ್ಲ ಬಿಟ್ಟು ಲೆಕ್ಕ ಹಾಕಿದರೂ ಷೇರು ಮುಟ್ಟದೆ ಒಂಬತ್ತು ವರ್ಷ ಹತ್ತು ತಿಂಗಳು ಸಂಸಾರ ನಡೆಯುತ್ತದೆ.

ಇಷ್ಟು ಸಾಕೇ? 2008ರ ಜನವರಿಯಲ್ಲೇ ಈ 70 ಲಕ್ಷ ಹಾಕಿದ್ದರೆ ಅದು 27.4 ಲಕ್ಷಕ್ಕೆ ಇಳಿಯುತ್ತಿತ್ತು. ಆ ಹಳೆಯ ಮಟ್ಟವನ್ನು ಸೆನ್ಸೆಕ್ಸ್ 2010ರ ನವೆಂಬರ್‌ನಲ್ಲಿ ಒಮ್ಮೆ ಮುಟ್ಟಿ ಜಾರಿತು. ಮತ್ತೆ ದಾಟಿದ್ದು 2013ರ ಅಕ್ಟೋಬರ್‌ನಲ್ಲಿ. ಲಾಭಾಂಶ ಬಿಟ್ಟು ಹೇಳುವುದಾದರೆ ಆರು ವರ್ಷಕ್ಕೆ ಎರಡು-ಮೂರು ತಿಂಗಳು ಕಡಿಮೆ. 2020ರ ಕುಸಿತ ಹತ್ತೇ ತಿಂಗಳಲ್ಲಿ ಮುಗಿದುಹೋದ್ದರಿಂದ, ಅದನ್ನು ಮಾತ್ರ ಕಂಡವರಿಗೆ ಎರಡು ವರ್ಷದ ನಗದು ಧಾರಾಳ ಅನ್ನಿಸುತ್ತದೆ. ನಾನು 2008ನ್ನೇ ಅಳತೆಗೋಲು ಮಾಡಿಕೊಳ್ಳುತ್ತೇನೆ.

ಇನ್ನು ಯಾವ ಅಂಕಿ ಅಲುಗಾಡಿದರೆ ಈ ಕೋಟೆ ಕುಸಿಯುತ್ತದೆ ಎಂದು ನೋಡೋಣ. ಎಲ್ಲರೂ ಹೆದರುವುದು ಬೆಲೆ ಏರಿಕೆಗೆ. ಶೇ 6ರ ಬದಲು 8 ಹಾಕಿ ನೋಡಿದೆ: ಒಂಬತ್ತು ವರ್ಷ ಮೂರು ತಿಂಗಳು. ಏಳು ತಿಂಗಳಷ್ಟೇ ಕಡಿತ. ಬೆಲೆ ಏರಿಕೆಯ ಪೆಟ್ಟು ಬೀಳುವುದು ಆಮೇಲಿನ ವರ್ಷಗಳ ಮೇಲೆ, ಅದನ್ನು ತಾಳಬೇಕಾದದ್ದು ಷೇರು. ಆದರೆ ಮಗನ ಮನೆಸಾಲದ ಕಂತಿಗೆ ಕೈಜೋಡಿಸೋಣವೆಂದು ತಿಂಗಳಿಗೆ 15,000 ಹೆಚ್ಚು ತೆಗೆಯಲು ಶುರುಮಾಡಿ, ವರ್ಷವರ್ಷ ಅದನ್ನೂ ಏರಿಸಿದರೆ? ಐದನೇ ವರ್ಷದ ಎರಡನೇ ತಿಂಗಳಿಗೆ 20 ಲಕ್ಷವೂ ಖಾಲಿ. ಯೋಜನೆ ಮುಗಿಯಲು ಇನ್ನೂ ಹತ್ತು ತಿಂಗಳಿರುವಾಗಲೇ ಅದನ್ನು ಒಡೆಯಬೇಕು. ಎರಡು ವರ್ಷ ದಾಟಿದ ಖಾತೆಯನ್ನು ಅವಧಿಗೆ ಮುಂಚೆ ಮುಚ್ಚಿದರೆ ಶೇ 1 ಕಡಿತ, ಅಂದರೆ 30,000. ಷೇರು ಮುಟ್ಟದೆ ಸಾಗುವ ಕಾಲವೂ ಸುಮಾರು ಏಳೂವರೆ ವರ್ಷಕ್ಕೆ ಇಳಿಯುತ್ತದೆ.

ಬಕೆಟ್ ಹಂಚುವುದು ಒಂದು ಮಧ್ಯಾಹ್ನದ ಕೆಲಸ. ಎಡವುವುದು ತುಂಬಿಸುವಲ್ಲಿ. ಮಾರುಕಟ್ಟೆ ಏರುತ್ತಿರುವಾಗ ‘ಇನ್ನೂ ಏರಲಿ’ ಎಂದು ಕಾಯುತ್ತಾರೆ, ಬಿದ್ದಾಗ ಹೆದರಿ ಮಾರುತ್ತಾರೆ. ಅದಕ್ಕೆ ನಿಯಮವನ್ನು ಮೊದಲೇ ಬರೆದಿಡಬೇಕು. ಪ್ರತಿ ಏಪ್ರಿಲ್‌ನಲ್ಲಿ ಒಂದು ದಿನ. ಷೇರಿನ 70 ಲಕ್ಷ ವರ್ಷಕ್ಕೆ ಶೇ 8ರಂತೆ ಬೆಳೆದರೆ ಎಲ್ಲಿರಬೇಕಿತ್ತು ಎಂಬ ಗೆರೆ ಎಳೆಯಿರಿ: ಮೊದಲ ವರ್ಷದ ಕೊನೆಗೆ 75.6 ಲಕ್ಷ. ಶೇ 15 ಏರಿ 80.5 ಆಗಿದ್ದರೆ ಗೆರೆಯ ಮೇಲಿನ 4.9 ಲಕ್ಷ ಎರಡನೇ ಬಕೆಟ್ಟಿಗೆ. ಒಂದು ವರ್ಷ ಮೀರಿದ ಮೇಲೆ ಮಾರಿದರೆ ಆ 4.9ರಲ್ಲಿ ಲಾಭದ ಪಾಲು ಸುಮಾರು 64,000. ವರ್ಷಕ್ಕೆ 1.25 ಲಕ್ಷದವರೆಗಿನ ದೀರ್ಘಾವಧಿ ಲಾಭಕ್ಕೆ ತೆರಿಗೆ ಇಲ್ಲದ್ದರಿಂದ ಪೂರಾ ದುಡ್ಡು ದಾಟಿಬಂತು. ಬದಲಿಗೆ 56 ಲಕ್ಷಕ್ಕೆ ಬಿದ್ದಿದ್ದರೆ ಆ ಏಪ್ರಿಲ್‌ನಲ್ಲಿ ಏನನ್ನೂ ಮುಟ್ಟುವಂತಿಲ್ಲ. ಇದಕ್ಕೊಂದು ತಳಮಿತಿಯೂ ಬೇಕು: ಮೊದಲೆರಡು ಬಕೆಟ್ ಸೇರಿ ಮೂರು ವರ್ಷದ ಖರ್ಚಿಗಿಂತ ಕೆಳಗಿಳಿದರೆ, ಗೆರೆ ಎಲ್ಲೇ ಇರಲಿ, ಒಂದು ವರ್ಷದ್ದನ್ನು ಮಾರಲೇಬೇಕು.

ಒಂದು ತಕರಾರನ್ನು ಮುಚ್ಚಿಡಲಾರೆ. ಒಟ್ಟಿಗೆ ನೋಡಿದರೆ ಇದು ಷೇರು ಶೇ 58, ಉಳಿದದ್ದು ಶೇ 42 ಎಂಬ ಹಂಚಿಕೆ ಅಷ್ಟೇ. ಅದೇ ಅನುಪಾತವನ್ನು ವರ್ಷಕ್ಕೊಮ್ಮೆ ಸರಿಪಡಿಸುತ್ತ ಹೋಗುವವರು ಬಿದ್ದ ವರ್ಷದಲ್ಲಿ ಷೇರು ಕೊಳ್ಳುತ್ತಾರೆ, ಬಕೆಟ್ಟಿನವರು ಸುಮ್ಮನಿರುತ್ತಾರೆ. ಕಾಗದದ ಮೇಲೆ ಮೊದಲಿನವರೇ ಜಾಣರು. ಆದರೆ 70 ಲಕ್ಷ 27 ಆದ ತಿಂಗಳಲ್ಲಿ ಎಫ್.ಡಿ. ಒಡೆದು ಷೇರಿಗೆ ಹಾಕುವ ಎಪ್ಪತ್ತರ ಹರೆಯದವರನ್ನು ನಾನಿನ್ನೂ ಕಂಡಿಲ್ಲ. ಪಾಸ್‌ಬುಕ್ಕಿನಲ್ಲಿ 61,500 ಬಿತ್ತೇ ಎಂದು ನೋಡಿ ಬರುವವರನ್ನು ಬೇಕಾದಷ್ಟು ಕಂಡಿದ್ದೇನೆ.