ಸೋಪಿನ ಪೊರೆ ಕಪ್ಪಾಗುವುದೇಕೆ?

ತಂತಿಯ ಬಳೆಯೊಂದನ್ನು ಸೋಪಿನ ನೀರಿನಲ್ಲಿ ಅದ್ದಿ ನೆಟ್ಟಗೆ ಹಿಡಿಯಿರಿ. ಹಿಂದೆ ಕಪ್ಪು ಬಟ್ಟೆ ಇರಲಿ, ಬೆಳಕು ಎದುರಿನಿಂದ ಬೀಳಲಿ. ನೀರು ಕೆಳಗಿಳಿದಂತೆ ಪೊರೆಯ ಮೇಲೆ ಬಣ್ಣದ ಅಡ್ಡಪಟ್ಟಿಗಳು ಮೂಡುತ್ತವೆ. ಕೊಂಚ ಹೊತ್ತಿಗೆ ಮೇಲ್ತುದಿಯ ಬಣ್ಣವೆಲ್ಲ ಅಳಿದು, ಪೊರೆ ಅಲ್ಲಿ ಹರಿದೇಹೋಯಿತೇನೋ ಎಂಬಂತೆ ಕಪ್ಪಾಗುತ್ತದೆ. ಅದು ಹರಿದಿಲ್ಲ, ತೀರಾ ತೆಳುವಾಗಿದೆ ಅಷ್ಟೇ.

ಬಣ್ಣಗಳು ಹುಟ್ಟುವುದು ಎರಡು ಪ್ರತಿಫಲನಗಳಿಂದ. ಬಿದ್ದ ಬೆಳಕಿನಲ್ಲಿ ಸ್ವಲ್ಪ ಪೊರೆಯ ಮುಂಬದಿಯಿಂದ, ಇನ್ನು ಸ್ವಲ್ಪ ಹಿಂಬದಿಯಿಂದ ನಮ್ಮ ಕಡೆಗೆ ಮರಳುತ್ತದೆ. ಎರಡನೆಯ ಅಲೆ ಪೊರೆಯೊಳಗೆ ಹೋಗಿ ಬರುವಷ್ಟು ಹಿಂದುಳಿಯುತ್ತದೆ. ಒಂದರ ಉಬ್ಬು ಇನ್ನೊಂದರ ಉಬ್ಬಿಗೆ ಸೇರಿದರೆ ಆ ಬಣ್ಣ ಉಜ್ವಲವಾಗುತ್ತದೆ. ಉಬ್ಬಿಗೆ ತಗ್ಗು ಎದುರಾದರೆ ಅಳಿಯುತ್ತದೆ.

ಹಾಗಿದ್ದರೆ ಪೊರೆ ಅತಿ ತೆಳುವಾದಲ್ಲಿ ಎರಡನೆಯ ಅಲೆ ಹಿಂದುಳಿಯುವುದೇ ಇಲ್ಲವಲ್ಲ? ಎರಡೂ ಕೂಡಿ ಅಲ್ಲಿ ಬೆಳಕು ಹೆಚ್ಚಬೇಕಿತ್ತು. ಹೆಚ್ಚದಿರಲು ಕಾರಣ ಮುಂಬದಿಯ ಪ್ರತಿಫಲನ. ಗೋಡೆಗೆ ಕಟ್ಟಿದ ಹಗ್ಗವನ್ನು ಒಮ್ಮೆ ಕೊಡವಿದರೆ ಮೇಲ್ಮುಖವಾಗಿ ಹೋದ ಉಬ್ಬು ಕೆಳಮುಖವಾಗಿ ಮರಳುತ್ತದೆ. ಬೆಳಕು ಗಾಳಿಯಿಂದ ನೀರಿನಂಥ ಹೆಚ್ಚು ವಕ್ರೀಭವನಾಂಕದ ಮಾಧ್ಯಮಕ್ಕೆ ತಾಗಿ ಹಿಂದಿರುಗುವಾಗಲೂ ಹೀಗೆ ಮಗುಚುತ್ತದೆ. ಅಂದರೆ ಅರ್ಧ ತರಂಗಾಂತರದಷ್ಟು ಸರಿಯುತ್ತದೆ. ಹಿಂಬದಿಯಲ್ಲಿ ನೀರಿನಾಚೆ ಇರುವುದು ಗಾಳಿ, ಅಲ್ಲಿ ಮಗುಚುವುದಿಲ್ಲ. ಒಂದು ಅಲೆ ಮಾತ್ರ ಮಗುಚಿದ್ದರಿಂದ ತೆಳು ಪೊರೆಯಲ್ಲಿ ಎಲ್ಲ ಬಣ್ಣಗಳೂ ಒಟ್ಟಿಗೆ ಅಳಿಯುತ್ತವೆ.

ಒಂದು ಲೆಕ್ಕ ನೋಡೋಣ. ಪೊರೆಯ ದಪ್ಪ 200 ನ್ಯಾನೊಮೀಟರ್, ಸೋಪಿನ ನೀರಿನ ವಕ್ರೀಭವನಾಂಕ 1.33. ಹೋಗಿಬರುವ ದಾರಿ ಬೆಳಕಿನ ಪಾಲಿಗೆ 2 × 1.33 × 200 = 532 ನ್ಯಾನೊಮೀಟರ್. ಇದು ಹಸಿರು ಬೆಳಕಿನ ಸರಿಯಾಗಿ ಒಂದು ತರಂಗಾಂತರ. ಮಗುಚುವಿಕೆಯನ್ನು ಮರೆತರೆ ಪೊರೆ ಹಸಿರಾಗಿ ಕಾಣಬೇಕು. ನಿಜದಲ್ಲಿ ಅಳಿಯುವುದೇ ಹಸಿರು. ಉಳಿದ ಕೆಂಪು ನೀಲಿಗಳು ಬೆರೆತು ಪೊರೆ ನೇರಳೆಗೆಂಪಾಗಿ ಕಾಣುತ್ತದೆ.

ಈ ಮಗುಚುವಿಕೆಗೆ ಥಾಮಸ್ ಯಂಗ್ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲೇ ಸೊಗಸಾದ ಪರೀಕ್ಷೆ ಒಡ್ಡಿದ. ಎರಡು ಗಾಜುಗಳು ತಾಗುವಲ್ಲಿ, ನಡುವೆ ಗಾಳಿಯಿದ್ದರೆ, ಕಪ್ಪು ಚುಕ್ಕೆ ಕಾಣುತ್ತದೆ. ಯಂಗ್ ಕ್ರೌನ್ ಗಾಜಿನ ಮಸೂರ ಮತ್ತು ಫ್ಲಿಂಟ್ ಗಾಜಿನ ನಡುವೆ ಸ್ಯಾಸಫ್ರಾಸ್ ಎಣ್ಣೆಯ ಹನಿ ಇಟ್ಟ. ಎಣ್ಣೆಯ ವಕ್ರೀಭವನಾಂಕ ಕ್ರೌನ್‌ಗಿಂತ ಹೆಚ್ಚು, ಫ್ಲಿಂಟ್‌ಗಿಂತ ಕಡಿಮೆ. ಹೀಗಾಗಿ ಎರಡೂ ಕಡೆಯ ಅಲೆಗಳು ಮಗುಚಬೇಕು, ವ್ಯತ್ಯಾಸವೇ ಉಳಿಯಬಾರದು. ನಡುವಿನ ಚುಕ್ಕೆ ಬೆಳ್ಳಗಾಯಿತು.

ದಪ್ಪ ಒಂದೆರಡು ಮೈಕ್ರೋಮೀಟರ್ ದಾಟಿದರೆ ಹಲವು ಬಣ್ಣಗಳು ಒಮ್ಮೆಗೇ ಹೆಚ್ಚಿ, ಹಲವು ಅಳಿದು ಪೊರೆ ಬಿಳಿಚಿಕೊಳ್ಳುತ್ತದೆ. ಬಳೆ ಎತ್ತಿದೊಡನೆ ಪಟ್ಟಿಗಳು ಕಾಣದಿದ್ದರೆ ನೀರು ಇಳಿಯುವವರೆಗೆ ಕಾಯಿರಿ. ಮೇಲೆ ಕಪ್ಪು ಕಾಣಿಸಿಕೊಂಡಾಗ ಅಲ್ಲಿನ ದಪ್ಪ ಹಸಿರು ಬೆಳಕಿನ ತರಂಗಾಂತರದ ಹತ್ತನೇ ಒಂದು ಪಾಲಿಗಿಂತಲೂ ಕಡಿಮೆ.