ಪಂಪುಗಳಲ್ಲಿ ನೀರಿನ ಹರಿವಿನ ನಿಯಂತ್ರಣ: ಕವಾಟ ಮತ್ತು ವೇಗ ನಿಯಂತ್ರಕ – ವಿದ್ಯುತ್ ಉಳಿತಾಯದ ಲೆಕ್ಕಾಚಾರ

ಕೈಗಾರಿಕಾ ಘಟಕಗಳು, ವಸತಿ ಸಮುಚ್ಚಯಗಳು ಹಾಗೂ ಸ್ಥಳೀಯ ಸಂಸ್ಥೆಗಳ ನೀರು ಸರಬರಾಜು ಸ್ಥಾವರಗಳಲ್ಲಿ ಪಂಪಿನಿಂದ ಬರುವ ನೀರಿನ ಪ್ರಮಾಣವನ್ನು ತಗ್ಗಿಸಬೇಕಾದ ಸಂದರ್ಭಗಳು ಪದೇ ಪದೇ ಎದುರಾಗುತ್ತವೆ. ಇದಕ್ಕೆ ಸಾಮಾನ್ಯವಾಗಿ ಎರಡು ವಿಧಾನಗಳಿವೆ. ಮೊದಲನೆಯದು, ಪಂಪಿನ ಹೊರಹರಿವಿನ ಕೊಳವೆಯಲ್ಲಿರುವ ಕವಾಟವನ್ನು (ವಾಲ್ವ್) ಭಾಗಶಃ ಮುಚ್ಚುವುದು. ಎರಡನೆಯದು, ವಿಎಫ್‌ಡಿ ಎಂದು ಕರೆಯಲಾಗುವ ವೇಗ ನಿಯಂತ್ರಕದ ಮೂಲಕ ಮೋಟಾರಿನ ವೇಗವನ್ನೇ ತಗ್ಗಿಸುವುದು. ಎರಡನೆಯ ವಿಧಾನದಿಂದ ಒಂದು ಸ್ಥಾವರದಲ್ಲಿ ಅರ್ಧಕ್ಕಿಂತ ಹೆಚ್ಚು ವಿದ್ಯುತ್ ಉಳಿಯಬಹುದು. ಮತ್ತೊಂದರಲ್ಲಿ ಉಳಿತಾಯವು ಲೆಕ್ಕಕ್ಕೂ ಸಿಗದಷ್ಟು ಅಲ್ಪವಾಗಿರಬಹುದು. ಈ ವ್ಯತ್ಯಾಸದ ಕಾರಣವನ್ನು ಹಾಗೂ ತಮ್ಮ ಸ್ಥಾವರವು ಯಾವ ಬಗೆಯದೆಂದು ಗ್ರಾಹಕರು ತಾವೇ ತಿಳಿದುಕೊಳ್ಳುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

1. ಕವಾಟವನ್ನು ಮುಚ್ಚಿದಾಗ ಆಗುವುದೇನು?

ಪಂಪು ಬಳಸುವ ಶಕ್ತಿಯು ಎರಡು ಅಂಶಗಳನ್ನು ಅವಲಂಬಿಸಿದೆ: ಗಂಟೆಗೆ ಎಷ್ಟು ನೀರು ಸಾಗುತ್ತದೆ ಮತ್ತು ಆ ನೀರನ್ನು ಎಷ್ಟು ಒತ್ತಡದಿಂದ ತಳ್ಳಲಾಗುತ್ತದೆ. ಈ ಒತ್ತಡವನ್ನು ನೀರಿನ ಕಂಬದ ಎತ್ತರವಾಗಿ, ಅಂದರೆ ಮೀಟರುಗಳಲ್ಲಿ ಹೇಳುವುದು ರೂಢಿ. ಇದಕ್ಕೆ ಹೆಡ್ ಎಂದು ಹೆಸರು.

ಕವಾಟವನ್ನು ಮುಚ್ಚುತ್ತಾ ಹೋದಂತೆ ನೀರಿನ ಪ್ರಮಾಣ ಕಡಿಮೆಯಾಗುತ್ತದೆ. ಆದರೆ ಮೋಟಾರು ಮೊದಲಿನ ವೇಗದಲ್ಲಿಯೇ ತಿರುಗುತ್ತಿರುವುದರಿಂದ ಪಂಪು ಉಂಟುಮಾಡುವ ಹೆಡ್ ಕಡಿಮೆಯಾಗುವುದಿಲ್ಲ. ಸೆಂಟ್ರಿಫ್ಯೂಗಲ್ ಪಂಪುಗಳಲ್ಲಿ ಅದು ಸ್ವಲ್ಪ ಏರುತ್ತದೆ. ಅದೇ ಸಮಯದಲ್ಲಿ ಕೊಳವೆಗೆ ಬೇಕಾದ ಹೆಡ್ ಇಳಿದಿರುತ್ತದೆ. ಪಂಪು ಕೊಡುವುದಕ್ಕೂ ಕೊಳವೆಗೆ ಬೇಕಾದುದಕ್ಕೂ ಇರುವ ಅಂತರವೆಲ್ಲವೂ ಕವಾಟದಲ್ಲಿ ಘರ್ಷಣೆಯಾಗಿ ನಷ್ಟವಾಗುತ್ತದೆ. ಈ ನಷ್ಟಕ್ಕೂ ಮೀಟರು ಓಡುತ್ತಲೇ ಇರುತ್ತದೆ.

2. ವೇಗವನ್ನು ತಗ್ಗಿಸಿದಾಗ ಆಗುವುದೇನು?

ವೇಗ ನಿಯಂತ್ರಕವು ಮೋಟಾರಿಗೆ ಹೋಗುವ ವಿದ್ಯುತ್ತಿನ ಆವರ್ತನವನ್ನು 50 ಹರ್ಟ್ಸ್‌ನಿಂದ ಬೇಕಾದಷ್ಟಕ್ಕೆ ಇಳಿಸುತ್ತದೆ. ನಿಮಿಷಕ್ಕೆ 1450 ಸುತ್ತು ತಿರುಗುವ ಮೋಟಾರು 35 ಹರ್ಟ್ಸ್‌ನಲ್ಲಿ ಸುಮಾರು 1015 ಸುತ್ತು ತಿರುಗುತ್ತದೆ. ಪಂಪಿನ ಹರಿವು ವೇಗದ ಅನುಪಾತದಲ್ಲಿಯೂ, ಹೆಡ್ ವೇಗದ ವರ್ಗದ ಅನುಪಾತದಲ್ಲಿಯೂ, ಬೇಕಾಗುವ ಶಕ್ತಿ ವೇಗದ ಘನದ ಅನುಪಾತದಲ್ಲಿಯೂ ಇಳಿಯುತ್ತವೆ. ವೇಗವು ಶೇ. 70 ಆದಾಗ ಶಕ್ತಿಯು ಶೇ. 34ಕ್ಕೆ ಇಳಿಯುತ್ತದೆ ಎಂಬ ಹೇಳಿಕೆಗೆ ಈ ನಿಯಮವೇ ಆಧಾರ.

ಆದರೆ ಈ ನಿಯಮವು ಪೂರ್ಣವಾಗಿ ಅನ್ವಯಿಸಲು ಒಂದು ಷರತ್ತಿದೆ. ಪಂಪು ಎದುರಿಸುವ ಹೆಡ್ ಸಂಪೂರ್ಣವಾಗಿ ಕೊಳವೆಯ ಘರ್ಷಣೆಯಿಂದಲೇ ಬಂದುದಾಗಿರಬೇಕು. ನೀರನ್ನು ಮೇಲಕ್ಕೆ ಎತ್ತಬೇಕಾಗಿದ್ದಲ್ಲಿ ಆ ಎತ್ತರವು ಹರಿವು ಕಡಿಮೆಯಾದರೂ ಕಡಿಮೆಯಾಗುವುದಿಲ್ಲ. ಮುಂದಿನ ಎರಡು ಉದಾಹರಣೆಗಳಿಂದ ಇದು ಸ್ಪಷ್ಟವಾಗುತ್ತದೆ. ಎರಡರಲ್ಲಿಯೂ ಪಂಪು ಒಂದೇ: ಕವಾಟ ಪೂರ್ಣ ತೆರೆದಾಗ ಗಂಟೆಗೆ 100 ಘನ ಮೀಟರ್ ನೀರನ್ನು 40 ಮೀಟರ್ ಹೆಡ್‌ನಲ್ಲಿ ಕೊಡುವ, ಮೀಟರಿನಲ್ಲಿ 17.3 ಕಿಲೋವ್ಯಾಟ್ ತೋರಿಸುವ ಪಂಪು. ಬೇಕಾಗಿರುವ ಹರಿವು ಗಂಟೆಗೆ 70 ಘನ ಮೀಟರ್.

3. ಮೊದಲನೆಯ ಉದಾಹರಣೆ: ಕಾರ್ಖಾನೆಯ ಮುಚ್ಚಿದ ತಂಪು ನೀರಿನ ಸುತ್ತು

ಇಲ್ಲಿ ನೀರು ಯಂತ್ರಗಳ ಮೂಲಕ ಸುತ್ತಿ ಪುನಃ ಪಂಪಿಗೇ ಬರುತ್ತದೆ. ಮೇಲೇರಿದಷ್ಟೇ ಕೆಳಗಿಳಿಯುವುದರಿಂದ ಎತ್ತುವ ಕೆಲಸವಿಲ್ಲ; 40 ಮೀಟರ್ ಹೆಡ್ ಎಲ್ಲವೂ ಘರ್ಷಣೆಯದು. ಘರ್ಷಣೆಯು ಹರಿವಿನ ವರ್ಗದ ಅನುಪಾತದಲ್ಲಿ ಇಳಿಯುವುದರಿಂದ 70 ಘನ ಮೀಟರ್‌ಗೆ ಬೇಕಾಗುವುದು 19.6 ಮೀಟರ್ ಮಾತ್ರ.

ಕವಾಟದಿಂದ ನಿಯಂತ್ರಿಸಿದರೆ ಪಂಪು ಸುಮಾರು 45.1 ಮೀಟರ್ ಹೆಡ್ ಉಂಟುಮಾಡುತ್ತದೆ. ಇದರಲ್ಲಿ 25.5 ಮೀಟರ್ ಕವಾಟದಲ್ಲಿಯೇ ನಷ್ಟ. ಪಂಪಿನ ದಕ್ಷತೆ ಶೇ. 65 ಮತ್ತು ಮೋಟಾರಿನ ದಕ್ಷತೆ ಶೇ. 90 ಎಂದು ಹಿಡಿದರೆ ಮೀಟರಿನಲ್ಲಿ ಕಾಣುವುದು 14.7 ಕಿಲೋವ್ಯಾಟ್. ಅಂದರೆ ನೀರು ಶೇ. 30ರಷ್ಟು ಕಡಿಮೆಯಾದರೂ ವಿದ್ಯುತ್ ಕಡಿಮೆಯಾಗುವುದು ಶೇ. 15 ಮಾತ್ರ.

ವೇಗವನ್ನು ಶೇ. 70ಕ್ಕೆ ಇಳಿಸಿದರೆ ಪಂಪು ಬೇಕಾದ 19.6 ಮೀಟರ್ ಹೆಡ್ ಅನ್ನಷ್ಟೇ ಉಂಟುಮಾಡುತ್ತದೆ. ಕಡಿಮೆ ಹೊರೆಯಲ್ಲಿ ಮೋಟಾರಿನ ದಕ್ಷತೆ ಸ್ವಲ್ಪ ಕುಸಿಯುವುದನ್ನೂ, ನಿಯಂತ್ರಕದಲ್ಲಿಯೇ ಆಗುವ ಸುಮಾರು ಶೇ. 4ರ ನಷ್ಟವನ್ನೂ ಸೇರಿಸಿದರೆ ಮೀಟರಿನಲ್ಲಿ 6.3 ಕಿಲೋವ್ಯಾಟ್ ಕಾಣುತ್ತದೆ. ಉಳಿತಾಯ 8.4 ಕಿಲೋವ್ಯಾಟ್. ವರ್ಷಕ್ಕೆ 4000 ಗಂಟೆ ಈ ಹರಿವಿನಲ್ಲಿ ನಡೆದರೆ 33,600 ಯೂನಿಟ್. ಲೆಕ್ಕಕ್ಕಾಗಿ ಯೂನಿಟ್‌ಗೆ 7 ರೂಪಾಯಿ ಎಂದು ಇಟ್ಟುಕೊಂಡರೆ ಸುಮಾರು 2.35 ಲಕ್ಷ ರೂಪಾಯಿ ಉಳಿಯುತ್ತದೆ.

4. ಎರಡನೆಯ ಉದಾಹರಣೆ: ತೊಟ್ಟಿಯಿಂದ ಮೇಲ್ಮಟ್ಟದ ಟ್ಯಾಂಕಿಗೆ ನೀರು

ವಸತಿ ಸಮುಚ್ಚಯವೊಂದರಲ್ಲಿ ಅದೇ ಪಂಪು ನೆಲಮಟ್ಟದ ತೊಟ್ಟಿಯಿಂದ 30 ಮೀಟರ್ ಎತ್ತರದ ಟ್ಯಾಂಕಿಗೆ ನೀರೆತ್ತುತ್ತದೆ. 40 ಮೀಟರ್ ಹೆಡ್‌ನಲ್ಲಿ 30 ಮೀಟರ್ ಎತ್ತರದ್ದು, ಉಳಿದ 10 ಮೀಟರ್ ಮಾತ್ರ ಘರ್ಷಣೆಯದು. ಹರಿವು 70 ಘನ ಮೀಟರ್‌ಗೆ ಇಳಿದಾಗ ಘರ್ಷಣೆ 4.9 ಮೀಟರ್‌ಗೆ ಇಳಿಯುತ್ತದೆ. ಎತ್ತರ ಮಾತ್ರ 30 ಮೀಟರ್ ಆಗಿಯೇ ಉಳಿಯುತ್ತದೆ. ಆದುದರಿಂದ ವೇಗವನ್ನು ಶೇ. 89ರವರೆಗೆ ಮಾತ್ರ ತಗ್ಗಿಸಬಹುದು. ಆಗ ಮೀಟರಿನಲ್ಲಿ ಕಾಣುವುದು 11.6 ಕಿಲೋವ್ಯಾಟ್.

ಕವಾಟದ 14.7 ಕಿಲೋವ್ಯಾಟ್‌ಗೆ ಹೋಲಿಸಿದರೆ ಇದೂ ಉಳಿತಾಯವೇ ಎಂದು ತೋರುತ್ತದೆ. ಆದರೆ ಟ್ಯಾಂಕಿಗೆ ಬೇಕಾದುದು ಗಂಟೆಗೆ ಇಷ್ಟು ನೀರೆಂದಲ್ಲ, ದಿನಕ್ಕೆ ಇಷ್ಟು ನೀರೆಂದು. ದಿನಕ್ಕೆ 200 ಘನ ಮೀಟರ್ ತುಂಬಬೇಕಾದಲ್ಲಿ ಮೂರು ವಿಧಾನಗಳ ಲೆಕ್ಕ ಹೀಗಿರುತ್ತದೆ:

| ವಿಧಾನ | ಪಂಪು ನಡೆಯುವ ಅವಧಿ | ದಿನಕ್ಕೆ ಯೂನಿಟ್ |
|---|---|---|
| ಕವಾಟ ಭಾಗಶಃ ಮುಚ್ಚಿ | 2 ಗಂಟೆ 51 ನಿಮಿಷ | 42.0 |
| ಕವಾಟ ಪೂರ್ಣ ತೆರೆದು, ಟ್ಯಾಂಕು ತುಂಬಿದೊಡನೆ ನಿಲ್ಲಿಸಿ | 2 ಗಂಟೆ | 34.6 |
| ವೇಗ ನಿಯಂತ್ರಕದಿಂದ | 2 ಗಂಟೆ 51 ನಿಮಿಷ | 33.1 |

ಕವಾಟವನ್ನು ತೆರೆದಿಟ್ಟು, ಟ್ಯಾಂಕು ತುಂಬಿದಾಗ ಪಂಪನ್ನು ನಿಲ್ಲಿಸುವ ಫ್ಲೋಟ್ ಸ್ವಿಚ್ ಅಳವಡಿಸುವುದರಿಂದಲೇ ದಿನಕ್ಕೆ 7.4 ಯೂನಿಟ್ ಉಳಿಯುತ್ತದೆ. ವೇಗ ನಿಯಂತ್ರಕವು ಅದರ ಮೇಲೆ ಉಳಿಸುವುದು ಕೇವಲ 1.5 ಯೂನಿಟ್, ಮೇಲಿನ ದರದಲ್ಲಿಯೇ ವರ್ಷಕ್ಕೆ 3,800 ರೂಪಾಯಿಯಷ್ಟು. ಇಂತಹ ಸ್ಥಾವರಕ್ಕೆ "ಅರ್ಧಕ್ಕಿಂತ ಹೆಚ್ಚು ಉಳಿತಾಯ" ಎಂಬ ಭರವಸೆಯೊಂದಿಗೆ ನಿಯಂತ್ರಕವನ್ನು ಮಾರಲಾಗುತ್ತಿದ್ದಲ್ಲಿ, ಆ ಲೆಕ್ಕವು ಎತ್ತರವನ್ನು ಕೈಬಿಟ್ಟಿದೆಯೆಂದು ತಿಳಿಯಬೇಕು.

ಎತ್ತರವೇ ಪ್ರಧಾನವಾಗಿರುವ ಸ್ಥಾವರಕ್ಕೆ ಬೆಂಗಳೂರಿನ ಕಾವೇರಿ ನೀರು ಸರಬರಾಜು ಉತ್ತಮ ನಿದರ್ಶನ. ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ ಮತ್ತು ತಾತಗುಣಿಗಳ ಮೂಲಕ ಮೂರು ಹಂತಗಳಲ್ಲಿ ನೀರನ್ನು ಒಟ್ಟು ಸುಮಾರು 500 ಮೀಟರ್ ಎತ್ತಲಾಗುತ್ತದೆ. ಈ ಎತ್ತರಕ್ಕೆ ಬೇಕಾದ ಶಕ್ತಿಯನ್ನು ಯಾವ ವೇಗ ನಿಯಂತ್ರಕವೂ ಕಡಿಮೆ ಮಾಡಲಾರದು.

5. ಗ್ರಾಹಕರು ತಾವೇ ಮಾಡಬಹುದಾದ ಪರೀಕ್ಷೆ

ಕವಾಟದ ಹಿಂದೆ ಒಂದು ಹಾಗೂ ಮುಂದೆ ಒಂದು ಒತ್ತಡ ಮಾಪಕವಿದ್ದರೆ ಸಾಕು.

(ಅ) ಪಂಪು ನಡೆಯುತ್ತಿರುವಾಗ ಎರಡೂ ಮಾಪಕಗಳನ್ನು ಓದಿ ವ್ಯತ್ಯಾಸವನ್ನು ಬರೆದುಕೊಳ್ಳಬೇಕು. ಪ್ರತಿ ಚದರ ಸೆಂಟಿಮೀಟರ್‌ಗೆ 1 ಕಿಲೋಗ್ರಾಂ ಒತ್ತಡವು 10 ಮೀಟರ್ ಹೆಡ್‌ಗೆ ಸಮ. ಮೊದಲನೆಯ ಉದಾಹರಣೆಯಲ್ಲಿ ಈ ವ್ಯತ್ಯಾಸ 2.55 ಇರುತ್ತದೆ. ವ್ಯತ್ಯಾಸವು ತೀರ ಅಲ್ಪವಾಗಿದ್ದರೆ ಕವಾಟದಲ್ಲಿ ಉಳಿಸಬಹುದಾದುದು ಏನೂ ಇಲ್ಲ.

(ಆ) ಗಂಟೆಗೆ ಹರಿಯುವ ಘನ ಮೀಟರ್‌ಗಳನ್ನು ಕವಾಟದಲ್ಲಿ ನಷ್ಟವಾಗುವ ಮೀಟರ್‌ಗಳಿಂದ ಗುಣಿಸಿ 367ರಿಂದ ಭಾಗಿಸಿದರೆ ನೀರಿನಲ್ಲಿ ನಷ್ಟವಾಗುವ ಕಿಲೋವ್ಯಾಟ್ ದೊರೆಯುತ್ತದೆ. 70ನ್ನು 25.5ರಿಂದ ಗುಣಿಸಿ ಭಾಗಿಸಿದರೆ 4.86. ಇದನ್ನು ಪಂಪು ಮತ್ತು ಮೋಟಾರುಗಳ ದಕ್ಷತೆಗಳಿಂದ ಭಾಗಿಸಿದಾಗ ಮೀಟರಿನಲ್ಲಿ 8.3 ಕಿಲೋವ್ಯಾಟ್ ಆಗುತ್ತದೆ.

(ಇ) ಪಂಪನ್ನು ನಿಲ್ಲಿಸಿ, ನಾನ್ ರಿಟರ್ನ್ ವಾಲ್ವ್‌ನ ಮುಂದಿರುವ, ಅಂದರೆ ಟ್ಯಾಂಕಿನ ಕಡೆಯ ಮಾಪಕವನ್ನು ಓದಬೇಕು. ಕೊಳವೆಯಲ್ಲಿ ನೀರು ತುಂಬಿಕೊಂಡೇ ನಿಂತಿದ್ದರೆ ಅದು ತೋರಿಸುವುದು ಎತ್ತರದ ಹೆಡ್ ಅನ್ನು. ಎರಡನೆಯ ಉದಾಹರಣೆಯಲ್ಲಿ ಇದು ಸುಮಾರು 3 ಇರುತ್ತದೆ. ಈ ಅಂಕಿಯು, ಕವಾಟ ಪೂರ್ಣ ತೆರೆದು ಪಂಪು ನಡೆಯುವಾಗಿನ ಅಂಕಿಗೆ ಹತ್ತಿರವಾದಷ್ಟೂ ವೇಗ ನಿಯಂತ್ರಕದ ಪ್ರಯೋಜನ ಕಡಿಮೆ.

(ಈ) ಹರಿವಿನ ಅಗತ್ಯ ದಿನದಲ್ಲಿ ಬದಲಾಗುತ್ತದೆಯೇ ಎಂಬುದನ್ನು ಗಮನಿಸಬೇಕು. ಕವಾಟವು ವರ್ಷವಿಡೀ ಒಂದೇ ಸ್ಥಾನದಲ್ಲಿ ಅರ್ಧ ಮುಚ್ಚಿದ್ದರೆ ಪಂಪು ಅಗತ್ಯಕ್ಕಿಂತ ದೊಡ್ಡದಾಗಿದೆ ಎಂದರ್ಥ. ಅಂತಹ ಕಡೆ ತಯಾರಕರ ಸಲಹೆಯಂತೆ ಇಂಪೆಲ್ಲರಿನ ವ್ಯಾಸವನ್ನು ಕಡಿಮೆ ಮಾಡಿಸುವುದು ಅಥವಾ ಚಿಕ್ಕ ಪಂಪನ್ನು ಅಳವಡಿಸುವುದು ಸೂಕ್ತ. ವೇಗ ನಿಯಂತ್ರಕವು ಹರಿವು ಬದಲಾಗುವಲ್ಲಿ ಹೆಚ್ಚು ಉಪಯುಕ್ತ.

6. ವಹಿಸಬೇಕಾದ ಎಚ್ಚರಿಕೆಗಳು

ಬಹುಕಾಲ ಮುಚ್ಚಿದ್ದ ಕವಾಟವನ್ನು ಒಮ್ಮೆಲೇ ಪೂರ್ಣ ತೆರೆಯಬಾರದು. ಹರಿವು ಹೆಚ್ಚಿದಂತೆ ಮೋಟಾರಿನ ಹೊರೆಯೂ ಏರುವುದರಿಂದ, ಆಂಪಿಯರ್ ಮಾಪಕವನ್ನು ನೋಡುತ್ತಾ, ಮೋಟಾರಿನ ಫಲಕದ ಮೇಲೆ ನಮೂದಿಸಿರುವ ಮಿತಿಯನ್ನು ಮೀರದಂತೆ ನಿಧಾನವಾಗಿ ತೆರೆಯತಕ್ಕದ್ದು.

ನೀರೆತ್ತುವ ಪಂಪುಗಳಿಗೆ ಕನಿಷ್ಠ ವೇಗದ ಮಿತಿಯಿದೆ. ಎರಡನೆಯ ಉದಾಹರಣೆಯ ಪಂಪು ಸುಮಾರು 39 ಹರ್ಟ್ಸ್‌ಗಿಂತ ಕೆಳಗೆ 30 ಮೀಟರ್ ಎತ್ತರವನ್ನು ಮುಟ್ಟಲಾರದು. ಆಗ ಟ್ಯಾಂಕಿಗೆ ಒಂದು ಹನಿಯೂ ಹೋಗುವುದಿಲ್ಲ. ಒಳಗಿನ ನೀರು ಅಲ್ಲಿಯೇ ಕಡೆಯಲ್ಪಟ್ಟು ಬಿಸಿಯಾಗಿ ಸೀಲು ಮತ್ತು ಬೇರಿಂಗುಗಳು ಕೆಡುತ್ತವೆ. ಪಂಪು ತಿರುಗುತ್ತಿದ್ದು, ಅದರ ಹೊರಕವಚ ಕೈಗೆ ಬೆಚ್ಚಗೆ ತಗುಲಿದರೆ ಈ ದೋಷವನ್ನು ಶಂಕಿಸಬೇಕು. ನಿಯಂತ್ರಕದಲ್ಲಿ ಕನಿಷ್ಠ ಆವರ್ತನವನ್ನು ಈ ಮಿತಿಗಿಂತ ಮೇಲೆ ನಿಗದಿಪಡಿಸತಕ್ಕದ್ದು.

7. ಅರ್ಜಿದಾರರ ಗಮನಕ್ಕೆ

ವೇಗ ನಿಯಂತ್ರಕವನ್ನು ಅಳವಡಿಸಿದ ಆಧಾರದ ಮೇಲೆ ಮಂಜೂರಾದ ವಿದ್ಯುತ್ ಹೊರೆಯನ್ನು ಕಡಿಮೆ ಮಾಡಿಸಲು ಅರ್ಜಿ ಸಲ್ಲಿಸುವವರು, ವರ್ಷದಲ್ಲಿ ಎಂದಾದರೂ ಪಂಪು ಪೂರ್ಣ ವೇಗದಲ್ಲಿ ನಡೆಯಬೇಕಾಗುವುದೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳುವುದು ಅಗತ್ಯ. ಪೂರ್ಣ ವೇಗದಲ್ಲಿ ಮೊದಲನೆಯ ಉದಾಹರಣೆಯ ಪಂಪಿನ ಹೊರೆ 6.3 ಕಿಲೋವ್ಯಾಟ್ ಆಗಿರುವುದಿಲ್ಲ. ನಿಯಂತ್ರಕದ ನಷ್ಟವೂ ಸೇರಿ ಮೊದಲಿನ 17.3 ಕಿಲೋವ್ಯಾಟ್‌ಗಿಂತ ತುಸು ಹೆಚ್ಚೇ ಇರುತ್ತದೆ. ಯೂನಿಟ್‌ಗಳ ಉಳಿತಾಯ ಮತ್ತು ಗರಿಷ್ಠ ಹೊರೆಯ ಇಳಿಕೆ ಬೇರೆ ಬೇರೆ ವಿಷಯಗಳು.

ಪಂಪು ಮತ್ತು ಮೋಟಾರುಗಳ ಫಲಕದ ವಿವರ, ಕವಾಟದ ಎರಡೂ ಬದಿಯ ಒತ್ತಡ, ಪಂಪು ನಿಂತಾಗಿನ ಒತ್ತಡ, ಗಂಟೆವಾರು ಹರಿವು ಹಾಗೂ ವರ್ಷದಲ್ಲಿ ನಡೆಯುವ ಗಂಟೆಗಳು – ಈ ಐದು ವಿವರಗಳನ್ನು ಕನಿಷ್ಠ ಒಂದು ವಾರ ದಾಖಲಿಸಿಟ್ಟುಕೊಂಡು, ನಿಯಂತ್ರಕದ ಸರಬರಾಜುದಾರರಿಂದ ಇವುಗಳ ಆಧಾರದ ಮೇಲೆಯೇ ಉಳಿತಾಯದ ಲಿಖಿತ ಲೆಕ್ಕವನ್ನು ಪಡೆದುಕೊಳ್ಳುವಂತೆ ಸಾರ್ವಜನಿಕರಲ್ಲಿ ಕೋರಲಾಗಿದೆ.