ಅಪ್ಪ ತೀರಿಕೊಂಡ ಮೇಲೆ ಶಾಲೆಗೊಂದು ಪತ್ರ

ತುರುವೇಕೆರೆ ಸುತ್ತಿನ ಹಳ್ಳಿಗಳಲ್ಲಿ ಸಾವಿನ ಸುದ್ದಿ ಶಾಲೆಗೆ ಮುಟ್ಟಲು ಕಾಗದ ಬೇಕಿಲ್ಲ. ಮೇಷ್ಟ್ರಿಗೆ ಅಂದೇ ತಿಳಿದಿರುತ್ತದೆ, ಮಕ್ಕಳಿಗೆ ಅದಕ್ಕೂ ಮೊದಲೇ. ಹಾಗಾಗಿ ಮನೆಯವರು ತಿಥಿ ಮುಗಿಯುವವರೆಗಿನ ರಜೆ ಅರ್ಜಿ ಕಳಿಸಿ ಸುಮ್ಮನಾಗುತ್ತಾರೆ. ಆದರೆ ಮಗುವಿಗೆ ಮನೆಯಲ್ಲಿ ಏನು ಹೇಳಿದ್ದಾರೆ, ಯಾವ ಮಾತಿನಲ್ಲಿ ಹೇಳಿದ್ದಾರೆ ಎಂಬುದು ಶಾಲೆಗೆ ಗೊತ್ತಿರುವುದಿಲ್ಲ. ಪತ್ರ ಬೇಕಾಗುವುದು ಅದಕ್ಕೆ.

ನಾಲ್ಕನೇ ತರಗತಿಯ ಹುಡುಗ, ತಂದೆ ತೋಟದಲ್ಲಿ ತೆಂಗಿನ ಮರದಿಂದ ಬಿದ್ದು ತೀರಿಕೊಂಡಿದ್ದಾರೆ ಎಂದಿಟ್ಟುಕೊಳ್ಳಿ. ತಾಯಿ ಮುಖ್ಯ ಶಿಕ್ಷಕರಿಗೆ ಹೀಗೆ ಬರೆಯಬಹುದು:

‘ಸರ್, ನನ್ನ ಮಗ ಸೋಮವಾರದಿಂದ ಶಾಲೆಗೆ ಬರುತ್ತಾನೆ. ಅವರಪ್ಪ ಎಳನೀರು ಕೀಳಲು ಮರ ಹತ್ತಿದ್ದಾಗ ಬಿದ್ದು ಸತ್ತುಹೋದರು, ಇನ್ನು ಬರುವುದಿಲ್ಲ ಎಂದು ಅವನಿಗೆ ಹೇಳಿದ್ದೇನೆ. ಊರಿಗೆ ಹೋಗಿದ್ದಾರೆ, ಮಲಗಿದ್ದಾರೆ ಎಂದು ಯಾರೂ ಹೇಳುವುದು ಬೇಡ. ಅಂದು ಎಳನೀರು ಕೇಳಿದ್ದು ತಾನೇ ಎಂದು ಕೊರಗುತ್ತಾನೆ. ನಿನ್ನ ತಪ್ಪಲ್ಲ ಎಂದು ನಾನು ಹೇಳಿದ್ದೇನೆ, ಮಾತು ಬಂದರೆ ನೀವೂ ಅದನ್ನೇ ಹೇಳಿ. ತಲೆ ಬೋಳಿಸಿದ್ದೇವೆ, ಯಾರೂ ರೇಗಿಸದಂತೆ ನೋಡಿಕೊಳ್ಳಿ. ಅವನು ಬರುವ ಮೊದಲೇ ತರಗತಿಯ ಮಕ್ಕಳಿಗೆ ವಿಷಯ ಹೇಳಿ, ಇದಕ್ಕೆ ಅವನೂ ಒಪ್ಪಿದ್ದಾನೆ. ಏನಾದರೂ ಇದ್ದರೆ ನನಗೇ ಫೋನ್ ಮಾಡಿ.’

‘ಸತ್ತುಹೋದರು’ ಎಂಬ ಮಾತು ಒರಟಾಗಿ ಕೇಳಬಹುದು. ಹಂಗೇರಿಯ ಮಕ್ಕಳನ್ನು ಮಾತಾಡಿಸಿ ಮಾರಿಯಾ ನಾಗಿ 1948ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಈಚೆಗೆ ಮತ್ತೆ ಮತ್ತೆ ಕಂಡದ್ದೆಂದರೆ, ಐದಾರು ವರ್ಷದೊಳಗಿನ ಮಕ್ಕಳು ಸಾವನ್ನು ದೂರ ಹೋಗುವುದೆಂದೋ ನಿದ್ದೆಯೆಂದೋ ತಿಳಿಯುತ್ತಾರೆ. ‘ಮಲಗಿದ್ದಾರೆ’ ಎಂದು ಕೇಳಿದ ಮಗು ರಾತ್ರಿ ಮಲಗಲು ಹೆದರುತ್ತದೆ. ‘ಊರಿಗೆ ಹೋಗಿದ್ದಾರೆ’ ಎಂದು ಕೇಳಿದ್ದು ಬಸ್ಸಿನ ದಾರಿ ಕಾಯುತ್ತದೆ. ‘ದೇವರ ಹತ್ತಿರ ಹೋದರು’ ಎನ್ನುವ ಮನೆ ಹಾಗೇ ಹೇಳಲಿ, ಆದರೆ ತಿರುಗಿ ಬರುವುದಿಲ್ಲ ಎಂಬುದನ್ನೂ ಸೇರಿಸಲಿ. ಎಂಟೊಂಬತ್ತರ ಹುಡುಗನಿಗೆ ಅದು ಅರ್ಥವಾಗುತ್ತದೆ. ಆದರೂ ತಾನು ಆಡಿದ ಮಾತಿಗೂ ಆದ ಅನಾಹುತಕ್ಕೂ ಗಂಟುಹಾಕಿಕೊಳ್ಳುವುದು ಆ ವಯಸ್ಸಿನಲ್ಲೂ ಉಂಟು. ಎಳನೀರಿನ ಸಾಲು ಪತ್ರದಲ್ಲಿ ಇಲ್ಲದಿದ್ದರೆ ಮೇಷ್ಟ್ರಿಗೆ ಅದು ತಿಳಿಯುವ ದಾರಿಯೇ ಇಲ್ಲ.

ಮುಖ್ಯ ಶಿಕ್ಷಕರು ಪತ್ರದ ವಿಷಯವನ್ನು ಎಲ್ಲ ಶಿಕ್ಷಕರಿಗೂ ಬಿಸಿಯೂಟದ ಅಡುಗೆಯವರಿಗೂ ತಿಳಿಸಬೇಕು. ಊಟ ಬಡಿಸುವಾಗ ‘ಅಯ್ಯೋ ಪಾಪ, ತಬ್ಬಲಿ’ ಎನ್ನುವವರು ಕೇಡು ಬಯಸಿದವರಲ್ಲ, ಆದರೆ ತುತ್ತು ಗಂಟಲಲ್ಲೇ ನಿಲ್ಲುತ್ತದೆ. ತರಗತಿಯ ಮಕ್ಕಳಿಗೆ ಹುಡುಗ ಬರುವ ಹಿಂದಿನ ದಿನ ಐದು ನಿಮಿಷ ಸಾಕು. ಏನಾಯಿತೆಂದು ಒಂದು ವಾಕ್ಯ. ಹೇಗೆ ಬಿದ್ದರು, ರಕ್ತ ಬಂತಾ ಎಂದು ಅವನನ್ನು ಕೇಳಬಾರದು, ಗುಂಡು ಎಂದು ತಲೆ ತಟ್ಟಬಾರದು. ಬರೀ ‘ಮಾಡಬೇಡಿ’ ಎಂದರೆ ಮಕ್ಕಳು ಅವನಿಂದಲೇ ದೂರ ಸರಿಯುತ್ತಾರೆ. ಆದ್ದರಿಂದ ಮಾಡಬೇಕಾದ್ದನ್ನೂ ಹೇಳಿಕೊಡಬೇಕು: ‘ನಿಮ್ಮಪ್ಪ ಹೋಗಿದ್ದು ಕೇಳಿ ಬೇಜಾರಾಯ್ತು, ಬಾರೋ ಆಡೋಣ.’ ಪಕ್ಕ ಕೂರುವ ಗೆಳೆಯನಿಗೆ ನೋಟ್ಸ್ ಕೊಡುವ ಕೆಲಸ ವಹಿಸಬಹುದು.

ಶಿಕ್ಷಕರು ಅವನನ್ನು ಎಲ್ಲರ ಮುಂದೆ ನಿಲ್ಲಿಸಿ ಸಮಾಧಾನ ಹೇಳುವುದು ಬೇಡ. ಅಳು ಬಂದರೆ ಕೇಳದೆ ಎದ್ದು ಹೋಗಿ ವರಾಂಡದಲ್ಲಿ ಕೂರಬಹುದೆಂದು ಮೊದಲೇ ಗುಟ್ಟಾಗಿ ಹೇಳಿರಲಿ. ಬಿಟ್ಟುಹೋದ ಮನೆಪಾಠ ಕಡಿಮೆ ಮಾಡಲಿ, ಪೂರ್ತಿ ಮನ್ನಾ ಮಾಡುವುದು ಬೇಡ. ದಿನದ ಕ್ರಮ ಹಾಗೇ ಉಳಿದಷ್ಟೂ ಅವನಿಗೆ ಧೈರ್ಯ. ‘ನನ್ನ ತಂದೆ’ ಪ್ರಬಂಧ ಬಂದ ದಿನ ‘ಮನೆಯ ಯಾರ ಬಗ್ಗೆಯಾದರೂ ಬರೆಯಿರಿ’ ಎಂದು ಎಲ್ಲರಿಗೂ ಹೇಳಿದರಾಯಿತು. ಅಪ್ಪನ ಬಗ್ಗೆಯೇ ಬರೆಯುತ್ತೇನೆ ಎಂದರೆ ತಡೆಯಬಾರದು. ಪ್ರಗತಿ ಪತ್ರಕ್ಕೆ ಅಮ್ಮನ ಸಹಿ ಸಾಕು. ದಾಖಲೆಯಲ್ಲಿ ತಂದೆಯ ಹೆಸರು ಹಾಗೇ ಇರುತ್ತದೆ. ಮರಣ ಪ್ರಮಾಣಪತ್ರ ಬೇಕಾದರೆ ತಾಯಿಯನ್ನು ಕೇಳಬೇಕು, ಮಗುವಿನ ಕೈಯಲ್ಲಿ ಹೇಳಿಕಳಿಸಬಾರದು.

ಒಂದು ಪೀರಿಯಡ್ ಅತ್ತು ಮುಂದಿನ ಪೀರಿಯಡ್ ಕಬಡ್ಡಿಯಲ್ಲಿ ಕೂಗಾಡಿದರೆ ‘ಮರೆತುಬಿಟ್ಟ’ ಎಂದು ತಿಳಿಯಬೇಡಿ. ಮಕ್ಕಳ ದುಃಖ ಹೀಗೇ ಬಿಟ್ಟುಬಿಟ್ಟು ಬರುತ್ತದೆ. ಹೊಟ್ಟೆನೋವು, ತಲೆನೋವು ಎನ್ನುವುದೂ ಸಹಜವೇ. ಆದರೆ ವಾರಗಟ್ಟಲೆ ಊಟ ಬಿಟ್ಟರೆ, ಆಟಕ್ಕೇ ಇಳಿಯದಿದ್ದರೆ ತಾಯಿಗೆ ತಿಳಿಸಬೇಕು. ಮನೋ ಆರೋಗ್ಯದ ಉಚಿತ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416, ಕನ್ನಡದಲ್ಲೂ ಮಾತಾಡುತ್ತಾರೆ. ‘ನಾನೂ ಅಪ್ಪನ ಹತ್ತಿರ ಹೋಗ್ತೀನಿ’ ಎಂದರೆ ಗಾಬರಿಯಾಗದೆ, ಹಾಗೆಂದರೇನು ಎಂದು ಅವನನ್ನೇ ನೇರ ಕೇಳಿ, ಒಂಟಿಯಾಗಿ ಬಿಡದೆ ಅಂದೇ ತಾಯಿಯನ್ನು ಕರೆಸಬೇಕು.

ತಂದೆ ಅಥವಾ ತಾಯಿಯನ್ನು ಕಳೆದುಕೊಂಡ ಮಕ್ಕಳನ್ನು ಅಮೆರಿಕದ ವಿಲಿಯಂ ವರ್ಡನ್, ಫಿಲಿಸ್ ಸಿಲ್ವರ್‌ಮನ್ ಹಲವು ಕಾಲ ಗಮನಿಸಿದಾಗ, ಕೆಲವರಿಗೆ ತೊಂದರೆ ಹೆಚ್ಚಾಗಿ ಕಂಡದ್ದು ಎರಡನೇ ವರ್ಷದಲ್ಲಿ. ಅಷ್ಟರಲ್ಲಿ ನಮ್ಮಲ್ಲಿ ತರಗತಿಯೂ ಬದಲಾಗಿರುತ್ತದೆ, ಶಿಕ್ಷಕರೂ ಬದಲಾಗಿರಬಹುದು. ಹಾಗಾಗಿ ಪತ್ರದ ಒಂದು ಪ್ರತಿ ತಾಯಿಯ ಹತ್ತಿರವೂ ಇರಲಿ. ತೀರಿಕೊಂಡ ದಿನಾಂಕ, ವರ್ಷದ ತಿಥಿಯ ದಿನ ಬರೆದು ಜೂನ್ ತಿಂಗಳಲ್ಲಿ ಐದನೇ ತರಗತಿಯ ಶಿಕ್ಷಕರಿಗೆ ಕೊಡಬೇಕು.